ಆನೆ ಬಂದ ಕೂಡಲೇ ಟೆನ್ಸ್ ಯಾಕೆ ಬದಲಾಯಿತು? ಒಂದು ಇಂಗ್ಲಿಷ್ ಕತೆಯ ಪ್ರಕರಣ ಅಧ್ಯಯನ

ಕತೆ ಬರೆದವಳು ಮೊದಲ ಪಿಯುಸಿ ಹುಡುಗಿ. ಮನೆ ಕೊಡಗಿನ ಸಿದ್ದಾಪುರದ ಕಡೆ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್. ಮನೆಯಲ್ಲಿ ಅರೆಭಾಷೆ, ಹೊರಗೆ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಂತ ಇಂಗ್ಲಿಷಿನಲ್ಲಿ ಕತೆ ಬರೆದು ಕೊಟ್ಟಿದ್ದಳು. ಅದು ವಾಪಸ್ ಬಂದಿತ್ತು. ಅಂಚಿನಲ್ಲಿ ಐದಾರು ಕಡೆ ಕೆಂಪು ಶಾಯಿಯಲ್ಲಿ ‘ಟೆನ್ಸ್!’ ಅಂತ ಬರೆದಿತ್ತು, ಅಷ್ಟೇ. ಯಾವುದು ತಪ್ಪು, ಯಾಕೆ ತಪ್ಪು ಅಂತ ಒಂದು ಅಕ್ಷರವೂ ಇರಲಿಲ್ಲ. ನಾನು ಮಡಿಕೇರಿಯಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಹಾಗಾಗಿ ಆ ಹಾಳೆಗಳು ನನ್ನ ಹತ್ತಿರ ಬಂದವು.

ಕತೆ ಸರಳ. ಜನವರಿ ತಿಂಗಳು, ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಒಣಗಲು ಹರಡಿದೆ. ರಾತ್ರಿ ಅಕಾಲದಲ್ಲಿ ಮಳೆ ಬರುತ್ತದೆ. ಅಪ್ಪ, ಮಗಳು ಟಾರ್ಪಾಲ್ ಹೊದಿಸಲು ಓಡುತ್ತಾರೆ. ಅಲ್ಲಿ ಆನೆ. ನಡುವಿನ ಭಾಗವನ್ನು ಅವಳು ಬರೆದ ಹಾಗೇ ಕನ್ನಡ ಲಿಪಿಯಲ್ಲಿ ಕೊಡುತ್ತೇನೆ:

“ಮೈ ಫಾದರ್ ಹರ್ಡ್ ದ ರೇನ್ ಫಸ್ಟ್. ಹಿ ಗಾಟ್ ಅಪ್, ಟುಕ್ ದ ಟಾರ್ಚ್ ಅಂಡ್ ಓಪನ್ಸ್ ದ ಡೋರ್. ದ ಡ್ರೈಯಿಂಗ್ ಯಾರ್ಡ್ ಈಸ್ ಬಿಹೈಂಡ್ ಅವರ್ ಹೌಸ್. ವಿ ರ‍್ಯಾನ್ ದೇರ್ ಅಂಡ್ ಪುಟ್ ದ ಟಾರ್ಪಾಲಿನ್ ಓವರ್ ದ ಕಾಫಿ. ಸಡನ್ಲಿ ಹಿ ಸ್ಟಾಪ್ಸ್. ಆನ್ ಎಲಿಫೆಂಟ್ ಈಸ್ ಸ್ಟ್ಯಾಂಡಿಂಗ್ ನಿಯರ್ ದ ಸಿಲ್ವರ್ ಓಕ್. ‘ಡೋಂಟ್ ರನ್,’ ಹಿ ಸೇಸ್. ‘ಐ ಆಮ್ ಸ್ಕೇರ್ಡ್,’ ಐ ವಿಸ್ಪರ್ಡ್. ಎಲಿಫೆಂಟ್ಸ್ ಡು ನಾಟ್ ಸೀ ವೆಲ್. ಐ ಕ್ಯಾನ್ ಹಿಯರ್ ಇಟ್ ಬ್ರೀದಿಂಗ್. ಇಟ್ ಬ್ರೋಕ್ ಅವರ್ ಫೆನ್ಸ್ ಲಾಸ್ಟ್ ವೀಕ್. ದೆನ್ ಇಟ್ ಟರ್ನ್ಡ್ ಅಂಡ್ ವೆಂಟ್ ಅವೇ.”

ಇಲ್ಲಿ ಒಂದು ವಿಷಯ ಗಮನಿಸಿ. ಯಾವ ವಾಕ್ಯವನ್ನಾದರೂ ಒಂದೊಂದಾಗಿ ಕಿತ್ತು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಸರಿಯಾದ ಇಂಗ್ಲಿಷೇ. ‘ಸಡನ್ಲಿ ಹಿ ಸ್ಟಾಪ್ಸ್’ ಅನ್ನುವುದರಲ್ಲಿ ವ್ಯಾಕರಣದ ತಪ್ಪು ಏನೂ ಇಲ್ಲ. ‘ಓಪನ್ಸ್’ ಒಂದನ್ನು ಬಿಟ್ಟರೆ ತಪ್ಪು ಇರುವುದು ವಾಕ್ಯದ ಒಳಗಲ್ಲ, ಎರಡು ವಾಕ್ಯಗಳ ನಡುವೆ. ಅದಕ್ಕೇ ಕಂಪ್ಯೂಟರಿನ ಸ್ಪೆಲಿಂಗ್ ಗೆರೆ ಇದನ್ನು ಹಿಡಿಯುವುದಿಲ್ಲ. ಹುಡುಗಿ ತಾನೇ ಹತ್ತು ಸಲ ಓದಿದರೂ ಕಣ್ಣಿಗೆ ಬಿದ್ದಿರಲಿಲ್ಲ.

‘ಟೆನ್ಸ್!’ ನೋಡಿ ಅವಳು ಮಾಡಿದ ಮೊದಲ ಕೆಲಸ, ಕತೆಯಲ್ಲಿ ಕಂಡ ಎಲ್ಲ ಕ್ರಿಯಾಪದಗಳನ್ನೂ ಭೂತಕಾಲಕ್ಕೆ ತಿರುಗಿಸಿದ್ದು. ನನ್ನ ಕೈಗೆ ಎರಡೂ ಪ್ರತಿ ಕೊಟ್ಟಳು. ಎರಡನೆಯದು ಒಂದು ರೀತಿಯಲ್ಲಿ ಮೊದಲಿನದಕ್ಕಿಂತ ಕೆಟ್ಟಿತ್ತು. ‘ಐ ಆಮ್ ಸ್ಕೇರ್ಡ್’ ಅಂತ ಇದ್ದ ಮಾತು ಉದ್ಧರಣ ಚಿಹ್ನೆಯ ಒಳಗೇ ‘ಐ ವಾಸ್ ಸ್ಕೇರ್ಡ್’ ಆಗಿತ್ತು. ಹಾಗೆಂದರೆ ಹುಡುಗಿ ಆನೆ ಎದುರು ನಿಂತು, ಹಿಂದೆ ಯಾವತ್ತೋ ಹೆದರಿದ್ದೆ ಅಂತ ಅಪ್ಪನಿಗೆ ಹೇಳಿದ ಹಾಗಾಯಿತು! ಕತೆಯ ಕೊನೆಯಲ್ಲಿ ಒಂದು ಒಳ್ಳೆಯ ವಾಕ್ಯವಿತ್ತು: ‘ಈವನ್ ನೌ, ವೆನ್ ಇಟ್ ರೇನ್ಸ್ ಇನ್ ಜಾನ್ಯುವರಿ, ಐ ಸ್ಮೆಲ್ ದಟ್ ನೈಟ್.’ ಅದೂ ‘ರೇನ್ಡ್’, ‘ಸ್ಮೆಲ್ಡ್’ ಆಗಿ ಸತ್ತುಹೋಗಿತ್ತು. ಅಂಚಿನಲ್ಲಿ ಬರೀ ‘ಟೆನ್ಸ್!’ ಅಂತ ಬರೆದರೆ ಆಗುವುದು ಇದೇ. ವರ್ತಮಾನಕಾಲವೇ ಅಪರಾಧಿ ಅಂತ ಮಕ್ಕಳು ತಿಳಿಯುತ್ತಾರೆ.

ಹಾಗಾಗಿ ಎರಡನೇ ಪ್ರತಿಯನ್ನು ಬದಿಗಿಟ್ಟು ಮೊದಲನೆಯದಕ್ಕೇ ಕೈ ಹಾಕಿದೆವು. ತಿದ್ದುವ ಮೊದಲು ಗುರುತು ಹಾಕುವುದು. ಕಾಲವನ್ನು ಹೊರುವ ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ: ಭೂತಕ್ಕೆ ನೀಲಿ, ವರ್ತಮಾನಕ್ಕೆ ಕೆಂಪು. ‘ಬ್ರೀದಿಂಗ್’ ತರಹ ಸಹಾಯಕ ಪದವಿಲ್ಲದೆ ಬಂದ ರೂಪಗಳಿಗೆ, ‘ಟು’ ಜೊತೆ ಬರುವ ರೂಪಗಳಿಗೆ ಗೆರೆ ಬೇಡ. ಅವು ಕಾಲ ಹೇಳುವುದಿಲ್ಲ. ಕೊನೆಯ ವಾಕ್ಯದಿಂದ ಶುರು ಮಾಡಿ ಮೇಲಕ್ಕೆ ಬರಲು ಹೇಳಿದೆ. ಮೇಲಿನಿಂದ ಓದಿದರೆ ಕತೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಕ್ರಿಯಾಪದ ಕಾಣುವುದಿಲ್ಲ.

ಮೇಲಿನ ಭಾಗದಲ್ಲಿ ಇಂಥ 18 ಕ್ರಿಯಾಪದಗಳು ಸಿಕ್ಕವು. ಎರಡು ಪಾತ್ರಗಳ ಮಾತಿನ ಒಳಗಿವೆ: ‘ಡೋಂಟ್ ರನ್’ ಮತ್ತು ‘ಆಮ್’. ಅವನ್ನು ಮುಟ್ಟುವ ಹಾಗಿಲ್ಲ. ಪಾತ್ರ ಆ ಕ್ಷಣದಲ್ಲಿ ಏನು ಹೇಳಿತೋ ಅದೇ. ಉಳಿದ 16ರಲ್ಲಿ ಎಂಟು ನೀಲಿ, ಏಳು ಕೆಂಪು. ಒಂದಕ್ಕೆ ಯಾವ ಬಣ್ಣ ಹಾಕಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ಅದು ‘ಪುಟ್’. ‘ವಿ ಪುಟ್’ ಅಂದರೆ ಹಾಕಿದೆವು ಅಂತಲೂ ಆಗುತ್ತದೆ, ಹಾಕುತ್ತೇವೆ ಅಂತಲೂ ಆಗುತ್ತದೆ. ‘ಕಟ್’, ‘ಶಟ್’, ‘ಹಿಟ್’, ‘ಲೆಟ್’ ಎಲ್ಲ ಇದೇ ಜಾತಿ. ಇವು ಸ್ವತಃ ತಪ್ಪಲ್ಲ, ಆದರೆ ಜಾರುವ ಜಾಗ. ಹಿಂದಿನ ವಾಕ್ಯದ ಕಾಲ ತಲೆಯಲ್ಲಿ ಗಟ್ಟಿಯಾಗಿ ಇಲ್ಲದಿದ್ದರೆ ಇಂಥ ಪದ ದಾಟಿದ ಮೇಲೆ ಬರೆಯುವವರು ಸದ್ದಿಲ್ಲದೆ ಆಚೆ ದಡ ಸೇರಿರುತ್ತಾರೆ. ಇವಳ ವಿಷಯದಲ್ಲೂ ‘ಪುಟ್’ ಆದ ಮರುವಾಕ್ಯವೇ ‘ಹಿ ಸ್ಟಾಪ್ಸ್’. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ದೊಡ್ಡ ಕಾರಣ ಬೇರೆ ಇದೆ, ಅದಕ್ಕೆ ಬರುತ್ತೇನೆ.

ಈಗ ಏಳು ಕೆಂಪುಗಳನ್ನು ಒಂದೊಂದಾಗಿ ವಿಚಾರಿಸಬೇಕು. ಕತೆ ಭೂತಕಾಲದಲ್ಲಿ ನಡೆಯುತ್ತಿರುವಾಗ ವರ್ತಮಾನ ಬರಲು ನ್ಯಾಯವಾದ ದಾರಿಗಳು ಕೆಲವೇ. ಪಾತ್ರದ ಮಾತು ಒಂದು. ಎಂದೆಂದಿಗೂ ನಿಜವಾದ ಮಾತು ಇನ್ನೊಂದು. ಕತೆ ಹೇಳುತ್ತಿರುವವರು ‘ಇವತ್ತು ನನಗೆ ಹೀಗನಿಸುತ್ತದೆ’ ಅಂತ ತಮ್ಮ ಈಗಿನ ಬಗ್ಗೆ ಹೇಳುವುದು ಮತ್ತೊಂದು. ಇದರ ಹೊರತು, ಬೇಕಂತಲೇ ಒಂದು ಇಡೀ ದೃಶ್ಯವನ್ನು ವರ್ತಮಾನದಲ್ಲಿ ಬರೆಯುವುದೂ ಉಂಟು. ಈ ಯಾವುದಕ್ಕೂ ಸೇರದೆ ಬಂದಿದ್ದರೆ ಅದು ಜಾರಿದ್ದು.

‘ಎಲಿಫೆಂಟ್ಸ್ ಡು ನಾಟ್ ಸೀ ವೆಲ್’ ಪಾಸಾಯಿತು. ಆನೆಗಳಿಗೆ ಕಣ್ಣು ಅಷ್ಟು ಚುರುಕಿಲ್ಲ, ಮೂಗು ಚುರುಕು. ಅದು ಆ ರಾತ್ರಿಗೆ ಮಾತ್ರ ಸೇರಿದ ವಿಷಯವಲ್ಲ. ಉಳಿದ ಆರೂ ಜಾರಿದವೇ. ನನಗೆ ಮುಖ್ಯ ಅನಿಸಿದ್ದು ಮುಂದಿನ ಪ್ರಶ್ನೆ: ಆರೂ ಒಂದೇ ಕಾರಣಕ್ಕೆ ಜಾರಿದವಾ? ಇಲ್ಲ. ಕಾರಣ ಬೇರೆ ಬೇರೆ. ಅದು ಗೊತ್ತಾದರೆ ಮುಂದಿನ ಕತೆಯಲ್ಲಿ ಎಲ್ಲಿ ಹುಷಾರಾಗಿರಬೇಕು ಅಂತ ಗೊತ್ತಾಗುತ್ತದೆ.

ಮೊದಲನೆಯದು ‘ಓಪನ್ಸ್’. ಕನ್ನಡದಲ್ಲಿ ನಾವು ಹೇಗೆ ಹೇಳುತ್ತೇವೆ? “ಅಪ್ಪ ಎದ್ದು, ಟಾರ್ಚ್ ಹಿಡಿದು, ಬಾಗಿಲು ತೆಗೆದರು.” ಮೂರು ಕೆಲಸ, ಆದರೆ ಕಾಲ ಹೇಳುವ ಜವಾಬ್ದಾರಿ ಕೊನೆಯ ‘ತೆಗೆದರು’ ಒಂದಕ್ಕೇ. ‘ಎದ್ದು’, ‘ಹಿಡಿದು’ ಹಾಗೇ ಇರಲಿ, ಕೊನೆಯದನ್ನು ‘ತೆಗೆಯುತ್ತಾರೆ’ ಮಾಡಿದರೂ ವಾಕ್ಯ ಸರಿಯೇ. ಇಂಗ್ಲಿಷಿನಲ್ಲಿ ಆ ಸೌಲಭ್ಯ ಇಲ್ಲ. ‘ಗಾಟ್’, ‘ಟುಕ್’, ‘ಓಪನ್ಡ್’ ಮೂರೂ ತಮ್ಮ ತಮ್ಮ ಕಾಲವನ್ನು ತಾವೇ ಹೊರಬೇಕು. ಸಾಲು ಉದ್ದವಾದಷ್ಟೂ ಕೊನೆಯ ಕ್ರಿಯಾಪದ ಜಾರುವ ಸಂಭವ ಜಾಸ್ತಿ. ಕತೆಯ ಬೇರೆ ಪುಟಗಳಲ್ಲೂ ಹುಡುಕಿದೆವು. ‘ಅಂಡ್’ ಆದಮೇಲೆ ಬರುವ ಮೂರನೇ ಕ್ರಿಯಾಪದ ಇನ್ನೂ ಎರಡು ಕಡೆ ಹೀಗೇ ಜಾರಿತ್ತು.

ಎರಡನೆಯದು ‘ಈಸ್ ಬಿಹೈಂಡ್ ಅವರ್ ಹೌಸ್’. “ಕಣ ನಮ್ಮ ಮನೆ ಹಿಂದೆ” ಅಂತ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ಹೇಳಿಬಿಡಬಹುದು. ಕ್ರಿಯಾಪದ ಇಲ್ಲ ಅಂದಮೇಲೆ ಕಾಲವೂ ಇಲ್ಲ. ಅದನ್ನು ಇಂಗ್ಲಿಷಿಗೆ ತರುವಾಗ ಒಂದು ಕ್ರಿಯಾಪದ ಸೇರಿಸಲೇಬೇಕು, ಆಗ ಕೈಗೆ ಮೊದಲು ಸಿಗುವುದು ‘ಈಸ್’. ಇಲ್ಲಿ ಹುಡುಗಿ ನನ್ನ ಜೊತೆ ವಾದ ಮಾಡಿದಳು. ಒಳ್ಳೆಯ ವಾದ.

“ಸರ್, ಕಣ ಈಗಲೂ ಅಲ್ಲೇ ಇದೆಯಲ್ಲ? ‘ವಾಸ್’ ಅಂತ ಬರೆದರೆ ಈಗ ಇಲ್ಲ ಅಂತ ಆಗಲ್ವಾ?”

ಆಗುವುದಿಲ್ಲ. ಕತೆಯಲ್ಲಿ ‘ವಾಸ್’ ಅಂದರೆ ಆ ರಾತ್ರಿ ಅಲ್ಲಿತ್ತು ಅಂತ ಅಷ್ಟೇ. ಆಮೇಲೆ ಏನಾಯಿತು, ಈಗ ಇದೆಯಾ ಇಲ್ಲವಾ ಅನ್ನುವ ವಿಷಯಕ್ಕೆ ಅದು ಹೋಗುವುದೇ ಇಲ್ಲ. ‘ಈಸ್’ ಅಂತ ಬರೆದರೆ ವ್ಯಾಕರಣ ಕೆಡುವುದಿಲ್ಲ ನಿಜ. ಆದರೆ ಓದುವವನು ಮಳೆಯಲ್ಲಿ ಅಪ್ಪನ ಹಿಂದೆ ಓಡುತ್ತಿರುವಾಗ ಕತೆಗಾರ್ತಿ ಅವನನ್ನು ನಿಲ್ಲಿಸಿ, ಇವತ್ತಿನ ದಿನಕ್ಕೆ ಕರೆತಂದು, ಮನೆಯ ನಕ್ಷೆ ತೋರಿಸಿ, ಮತ್ತೆ ಮಳೆಗೆ ಬಿಟ್ಟ ಹಾಗಾಗುತ್ತದೆ. ಇನ್ನೂ ನಿಜವಾಗಿರುವ ಸಂಗತಿಯನ್ನೂ ದೃಶ್ಯದ ನಡುವೆ ಭೂತಕಾಲದಲ್ಲೇ ಹೇಳುವುದು ಇಂಗ್ಲಿಷ್ ಕತೆಯ ರೂಢಿ. ಹಾಗಾದರೆ ಆನೆಯ ಕಣ್ಣಿನ ಮಾತು ಯಾಕೆ ವರ್ತಮಾನದಲ್ಲಿ ಇರಬಹುದು? ಕಣ ಒಂದೇ ಒಂದು, ಅದು ಕತೆಯ ಜಾಗ. ಆನೆಯ ಕಣ್ಣಿನ ಮಾತು ಎಲ್ಲ ಆನೆಗೂ ಸೇರಿದ್ದು. ಅದನ್ನೂ ‘ಡಿಡ್ ನಾಟ್ ಸೀ ವೆಲ್’ ಮಾಡಿದರೆ ದೊಡ್ಡ ತಪ್ಪಲ್ಲ, ಆದರೆ ಹಾಗೆ ಮಾಡುವ ಅಗತ್ಯವೂ ಇಲ್ಲ. ಇಂಥ ಕಡೆ ಬರೆಯುವವರ ಕಿವಿಗೆ ಬಿಟ್ಟದ್ದು.

ಮೂರು ಮತ್ತು ನಾಲ್ಕನೆಯವು ‘ಸ್ಟಾಪ್ಸ್’ ಮತ್ತು ‘ಈಸ್ ಸ್ಟ್ಯಾಂಡಿಂಗ್’. ದೊಡ್ಡ ಕಾರಣ ಅಂದದ್ದು ಇದನ್ನೇ. ಇಡೀ ಕತೆಯಲ್ಲಿ ಕೆಂಪು ಗೆರೆ ದಟ್ಟವಾಗಿ ಬಿದ್ದದ್ದು ಆನೆ ಕಾಣಿಸಿಕೊಳ್ಳುವ ಹತ್ತಿರ. ಆನೆ ಹೋದ ಕೂಡಲೇ ಮತ್ತೆ ನೀಲಿ. ನಾನು ಹಾಳೆ ಮುಚ್ಚಿ, “ನಡೆದದ್ದನ್ನು ಕನ್ನಡದಲ್ಲಿ ಸುಮ್ನೆ ಹೇಳು” ಅಂದೆ. ಅವಳು ಹೇಳಿದ್ದು: “ಅಪ್ಪ ಮುಂದೆ ಹೋದ್ರು ಸರ್, ನಾನು ಹಿಂದೆ ಹೋದೆ. ಟಾರ್ಪಾಲ್ ಎಳೆದ್ವಿ. ತಿರುಗಿ ನೋಡ್ತೀನಿ, ಆನೆ ನಿಂತಿದೆ!” ಹೋದೆ, ಎಳೆದೆವು ಅಂತ ಭೂತದಲ್ಲಿ ಬಂದವಳು ಆನೆ ಹತ್ತಿರ ಬಂದ ಕೂಡಲೇ ‘ನೋಡ್ತೀನಿ’, ‘ನಿಂತಿದೆ’. ನಾವೆಲ್ಲ ಹೀಗೇ ಹೇಳುವುದು. ‘ತಿರುಗಿ ನೋಡಿದೆ, ಆನೆ ನಿಂತಿತ್ತು’ ಅಂದರೆ ಅರ್ಧ ರೋಮಾಂಚನ ಹೋಗಿಬಿಡುತ್ತದೆ.

ಇದು ನಮ್ಮವರಿಗೆ ಮಾತ್ರ ಇರುವ ಅಭ್ಯಾಸ ಅಂತ ತಿಳಿಯಬೇಡಿ. ಇಂಗ್ಲಿಷ್ ಮನೆಮಾತಿನವರೂ ಬಾಯಲ್ಲಿ ಕತೆ ಹೇಳುವಾಗ ಹೀಗೇ ಕಾಲ ಬದಲಿಸುತ್ತಾರೆ. ಡೆಬೊರಾ ಶಿಫ್ರಿನ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1981ರಲ್ಲಿ ಇದರ ಬಗ್ಗೆಯೇ ಬರೆದರು. ಜನ ಅನುಭವ ಹೇಳುವಾಗ ವರ್ತಮಾನಕ್ಕೆ ಜಿಗಿಯುವುದು ಘಟನೆಗಳು ಒಂದರ ಹಿಂದೆ ಒಂದು ನಡೆಯುವ ಭಾಗದಲ್ಲಿ, ಪೀಠಿಕೆಯಲ್ಲಿ ಅಥವಾ ಮುಕ್ತಾಯದಲ್ಲಿ ಅಲ್ಲ ಅಂತ ತೋರಿಸಿದರು. ಹುಡುಗಿಯ ಕೆಂಪು ಗೆರೆಗಳೂ ಮುಖ್ಯವಾಗಿ ಅಲ್ಲೇ. ಅಂದರೆ ಅವಳಿಗೆ ಕತೆ ಹೇಳುವ ಕಿವಿ ಚೆನ್ನಾಗಿದೆ. ಆ ಕಿವಿ ಬಾಯಿಮಾತಿನ ಲೆಕ್ಕದಲ್ಲಿ ಬರೆಯಿತು, ಅಷ್ಟೇ. ಬಾಯಲ್ಲಿ ಹೇಳುವಾಗ ದನಿ ಏರುತ್ತದೆ, ಕೈ ಆಡುತ್ತದೆ, ಕೇಳುವವನಿಗೆ ಜಿಗಿತ ಗೊತ್ತಾಗುತ್ತದೆ. ಹಾಳೆಯ ಮೇಲೆ ಆ ಸೂಚನೆ ಯಾವುದೂ ಇಲ್ಲ.

‘ಜೋರಾಗಿ ಓದಿಕೋ, ತಪ್ಪು ತಾನೇ ಕೇಳಿಸುತ್ತದೆ’ ಅಂತ ಎಲ್ಲರೂ ಕೊಡುವ ಸಲಹೆ ಇಲ್ಲಿ ಕೆಲಸ ಮಾಡದೇ ಇದ್ದದ್ದು ಇದಕ್ಕೇ. ಅವಳು ಜೋರಾಗಿ ಓದಿದಾಗ ಆನೆಯ ಹತ್ತಿರ ದನಿ ಏರಿತು, ವರ್ತಮಾನ ಸಹಜವಾಗಿಯೇ ಕೇಳಿಸಿತು.

ಐದನೆಯದು ‘ಹಿ ಸೇಸ್’. ಇದು ಮಾತಿನಿಂದ ಸೋರಿದ್ದು. ‘ಡೋಂಟ್ ರನ್’ ಆ ಕ್ಷಣದ ಮಾತು. ಅದನ್ನು ಬರೆದ ಕೈ ಅದೇ ಕ್ಷಣದಲ್ಲಿ ಉಳಿದು ‘ಸೇಸ್’ ಬರೆಯಿತು. ಮುಂದಿನ ಸಾಲಿನಲ್ಲೇ ‘ವಿಸ್ಪರ್ಡ್’ ಅಂತ ಸರಿಯಾಗಿದೆ. ಆರನೆಯದು ‘ಕ್ಯಾನ್ ಹಿಯರ್’. ‘ಕ್ಯಾನ್’, ‘ವಿಲ್’, ‘ಮೇ’ ಇವುಗಳಿಗೂ ಕತೆಯಲ್ಲಿ ಭೂತದ ಜೋಡಿ ಇದೆ: ‘ಕುಡ್’, ‘ವುಡ್’, ‘ಮೈಟ್’. ಶಾಲೆಯಲ್ಲಿ ‘ಕುಡ್’ ಅಂದರೆ ವಿನಯದಿಂದ ಕೇಳುವುದು ಅಂತ ಕಲಿಸಿರುತ್ತಾರೆ, ಹಾಗಾಗಿ ಅದು ‘ಕ್ಯಾನ್’ನ ಭೂತಕಾಲ ಅನ್ನುವುದು ಮಕ್ಕಳಿಗೆ ಹೊಳೆಯುವುದೇ ಇಲ್ಲ. ಎರಡನೇ ಪ್ರತಿಯಲ್ಲಿ ಕಂಡದ್ದನ್ನೆಲ್ಲ ಭೂತಕ್ಕೆ ತಿರುಗಿಸಿದವಳು ‘ಕ್ಯಾನ್’ ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದಳು.

ಇಷ್ಟಾದ ಮೇಲೆ ಒಂದು ನೀಲಿ ಗೆರೆಯ ಪದವೂ ತಕರಾರಿಗೆ ಬಂತು. ‘ಇಟ್ ಬ್ರೋಕ್ ಅವರ್ ಫೆನ್ಸ್ ಲಾಸ್ಟ್ ವೀಕ್.’ ಭೂತಕಾಲವೇ, ಆದರೂ ಸಾಲದು. ಬೇಲಿ ಮುರಿದದ್ದು ಈ ರಾತ್ರಿಗಿಂತ ಹಿಂದಿನ ವಾರ. ಭೂತದಲ್ಲಿ ನಡೆಯುವ ಕತೆಯಲ್ಲಿ ಅದಕ್ಕೂ ಹಿಂದಿನದಕ್ಕೆ ‘ಹ್ಯಾಡ್ ಬ್ರೋಕನ್’ ಬೇಕು. ‘ಲಾಸ್ಟ್ ವೀಕ್’ ಕೂಡ ಬರೆಯುತ್ತಿರುವ ದಿನದಿಂದ ಲೆಕ್ಕ ಹಾಕಿದ ಮಾತು. ಅದು ‘ದ ವೀಕ್ ಬಿಫೋರ್’ ಆಗಬೇಕು. ಇಲ್ಲದಿದ್ದರೆ ಬೇಲಿ ಮುರಿದದ್ದು ಆ ರಾತ್ರಿಗಿಂತ ಹಿಂದಿನ ವಾರ ಅಲ್ಲ, ಕತೆ ಬರೆದ ದಿನಕ್ಕಿಂತ ಹಿಂದಿನ ವಾರ ಅಂತ ಓದಿಸಿಕೊಳ್ಳುತ್ತದೆ.

ಇಷ್ಟು ಹೊತ್ತಿಗೆ ಅವಳಿಗೆ ಬೇಜಾರಾಗಿತ್ತು. “ಆನೆ ಬರುವ ಜಾಗ ಈಗಲೇ ನಡೆಯುತ್ತಿರುವ ಹಾಗೆ ಇರಬೇಕು ಸರ್” ಅಂದಳು. ನ್ಯಾಯವಾದ ಆಸೆ. ಬೇಕಂತಲೇ ಕಾಲ ಬದಲಿಸುವ ದಾರಿ ಇದ್ದೇ ಇದೆ. ಡಿಕನ್ಸ್ 1852-53ರಲ್ಲಿ ಕಂತುಗಳಲ್ಲಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಒಬ್ಬ ನಿರೂಪಕ ವರ್ತಮಾನದಲ್ಲಿ ಹೇಳುತ್ತಾನೆ, ಎಸ್ತರ್ ಎಂಬ ಪಾತ್ರ ತನ್ನ ಭಾಗವನ್ನು ಭೂತದಲ್ಲಿ ಹೇಳುತ್ತಾಳೆ. ಅಲ್ಲಿ ಗೊಂದಲ ಆಗುವುದಿಲ್ಲ. ಅಧ್ಯಾಯ ಬದಲಾಗುತ್ತದೆ, ಹೇಳುವ ದನಿ ಬದಲಾಗುತ್ತದೆ, ಕಾಲವೂ ಅದರ ಜೊತೆಗೇ ಬದಲಾಗುತ್ತದೆ. ನಮ್ಮ ಹುಡುಗಿಯ ಕತೆಯಲ್ಲಿ ಒಂದೇ ಪ್ಯಾರಾದೊಳಗೆ, ಒಂದೇ ದನಿಯಲ್ಲಿ ಬದಲಾಗಿತ್ತು. ಬೇಕಂತ ಮಾಡಿದ್ದಾ ಜಾರಿದ್ದಾ ಅಂತ ತಿಳಿಯುವ ಗುರುತು ಇದು: ಬದಲಾವಣೆ ಶುರುವಾಗುವ ಜಾಗದಲ್ಲಿ ಏನಾದರೂ ಕಾರಣ ಇದೆಯಾ, ಬದಲಾದ ಮೇಲೆ ಆ ಭಾಗ ಮುಗಿಯುವವರೆಗೂ ಅದೇ ಕಾಲ ನಿಂತಿದೆಯಾ. ಅವಳದ್ದು ‘ಸೇಸ್’ ಆಗಿ ಮರುಸಾಲಿನಲ್ಲೇ ‘ವಿಸ್ಪರ್ಡ್’ ಆಗಿತ್ತು.

ಹಾಗಾದರೆ ಇಡೀ ಕತೆಯನ್ನೇ ವರ್ತಮಾನದಲ್ಲಿ ಬರೆದು ನೋಡು ಅಂದೆ. ಬರೆದಳು. ಮಳೆ, ಟಾರ್ಚ್, ಆನೆ ಎಲ್ಲ ಚೆನ್ನಾಗಿಯೇ ಬಂತು. ಬೇಲಿಯ ವಾಕ್ಯವೂ ಸುಲಭವಾಯಿತು, ವರ್ತಮಾನದ ಕತೆಯಲ್ಲಿ ಹಿಂದಿನದಕ್ಕೆ ಬರೀ ‘ಬ್ರೋಕ್’ ಸಾಕು, ‘ಲಾಸ್ಟ್ ವೀಕ್’ ಕೂಡ ಸರಿಯೇ. ಆದರೆ ಕೊನೆಯ ವಾಕ್ಯ ಕೂರಲಿಲ್ಲ. ‘ಈವನ್ ನೌ’ ಅಂದರೆ ಯಾವ ಈಗ? ಇಡೀ ಕತೆಯೇ ‘ಈಗ’ ನಡೆಯುತ್ತಿರುವಾಗ, ವರ್ಷಗಳ ನಂತರದ ಇನ್ನೊಂದು ‘ಈಗ’ಕ್ಕೆ ಜಾಗ ಇಲ್ಲ. ಆ ವಾಕ್ಯ ಬೇಕಾ, ವರ್ತಮಾನ ಬೇಕಾ ಅಂತ ಆಯ್ಕೆ ಮಾಡಬೇಕಾಯಿತು. ವಾಕ್ಯವನ್ನೇ ಉಳಿಸಿಕೊಂಡಳು. ನನಗೂ ಅದೇ ಸರಿ ಅನಿಸಿತು.

ಅಲ್ಲಿಗೆ ಕತೆ ಭೂತಕಾಲದಲ್ಲಿ, ಕೊನೆಯ ಪ್ಯಾರಾ ಮಾತ್ರ ವರ್ತಮಾನದಲ್ಲಿ ಅಂತ ತೀರ್ಮಾನವಾಯಿತು. ರೋಮಾಂಚನವನ್ನು ಬೇರೆ ಕಡೆಯಿಂದ ತಂದಳು. ‘ಸಡನ್ಲಿ’ ತೆಗೆದು ಅಪ್ಪ ನಿಂತ ವಾಕ್ಯವನ್ನು ಒಂದೇ ಸಾಲಿನ ಪ್ಯಾರಾ ಮಾಡಿದಳು. ತಿದ್ದಿದ ಭಾಗ ಹೀಗಿದೆ:

“ಮೈ ಫಾದರ್ ಹರ್ಡ್ ದ ರೇನ್ ಫಸ್ಟ್. ಹಿ ಗಾಟ್ ಅಪ್, ಟುಕ್ ದ ಟಾರ್ಚ್ ಅಂಡ್ ಓಪನ್ಡ್ ದ ಡೋರ್. ದ ಡ್ರೈಯಿಂಗ್ ಯಾರ್ಡ್ ವಾಸ್ ಬಿಹೈಂಡ್ ಅವರ್ ಹೌಸ್. ವಿ ರ‍್ಯಾನ್ ದೇರ್ ಅಂಡ್ ಪುಲ್ಡ್ ದ ಟಾರ್ಪಾಲಿನ್ ಓವರ್ ದ ಕಾಫಿ.

ಹಿ ಸ್ಟಾಪ್ಡ್.

ಆನ್ ಎಲಿಫೆಂಟ್ ವಾಸ್ ಸ್ಟ್ಯಾಂಡಿಂಗ್ ನಿಯರ್ ದ ಸಿಲ್ವರ್ ಓಕ್. ಇಟ್ ಹ್ಯಾಡ್ ಬ್ರೋಕನ್ ಅವರ್ ಫೆನ್ಸ್ ದ ವೀಕ್ ಬಿಫೋರ್. ‘ಡೋಂಟ್ ರನ್,’ ಹಿ ಸೆಡ್. ‘ಐ ಆಮ್ ಸ್ಕೇರ್ಡ್,’ ಐ ವಿಸ್ಪರ್ಡ್. ಎಲಿಫೆಂಟ್ಸ್ ಡು ನಾಟ್ ಸೀ ವೆಲ್. ಐ ಕುಡ್ ಹಿಯರ್ ಇಟ್ ಬ್ರೀದಿಂಗ್.”

‘ಪುಟ್’ ಜಾಗಕ್ಕೆ ‘ಪುಲ್ಡ್’ ಬಂದದ್ದು ಅವಳದ್ದೇ ಯೋಚನೆ. ಕನ್ನಡದಲ್ಲಿ ಹೇಳುವಾಗ ಟಾರ್ಪಾಲ್ ‘ಎಳೆದ್ವಿ’ ಅಂದಿದ್ದಳಲ್ಲ. ಜಾರುವ ಕಲ್ಲನ್ನೇ ಕಿತ್ತುಹಾಕಿದ ಹಾಗಾಯಿತು.

ಉಳಿದ ಪುಟಗಳನ್ನು ಅವಳೇ ಟೈಪ್ ಮಾಡಿಕೊಂಡು ಹುಡುಕಿದಳು. ಬಣ್ಣದ ಗೆರೆ ಹಾಕಲು ಪುರುಸೊತ್ತಿಲ್ಲದಿದ್ದರೆ ಇದು ಚುರುಕು ದಾರಿ. ವರ್ಡ್‌ನ ಹುಡುಕುವ ಕಿಟಕಿಯಲ್ಲಿ `Find whole words only` ಆರಿಸಿಕೊಂಡು ಈ ಪದಗಳನ್ನು ಒಂದೊಂದಾಗಿ ಹುಡುಕುವುದು:

```
is  are  has  have  do  does  can  will  says
```

ಸಿಕ್ಕ ಪ್ರತಿಯೊಂದಕ್ಕೂ ಅದೇ ಪ್ರಶ್ನೆ: ಪಾತ್ರದ ಮಾತಾ, ಎಲ್ಲ ಕಾಲಕ್ಕೂ ನಿಜವಾ, ಹೇಳುವವಳ ಈಗಿನದಾ? ‘ಸ್ಟಾಪ್ಸ್’, ‘ಓಪನ್ಸ್’ ತರಹದವು ಇದರಲ್ಲಿ ಸಿಗುವುದಿಲ್ಲ. ಅವನ್ನು ಕಣ್ಣಲ್ಲೇ ಹಿಡಿಯಬೇಕು, ಅದಕ್ಕೆ ಆನೆ ಬರುವಂಥ ಬಿಸಿ ಜಾಗಗಳನ್ನೂ ‘ಅಂಡ್’ ಇರುವ ಉದ್ದ ಸಾಲುಗಳನ್ನೂ ಮೊದಲು ನೋಡಿದರೆ ಸಾಕಷ್ಟು ಸಿಗುತ್ತವೆ.

ಈ ಹುಡುಕಾಟದಲ್ಲಿ ಒಂದು ವಾಕ್ಯ ಮಾತ್ರ ಇಬ್ಬರನ್ನೂ ಸತಾಯಿಸಿತು. ಮನೆಗೆ ವಾಪಸ್ ಬಂದ ಮೇಲಿನ ದೃಶ್ಯದ ನಡುವೆ ‘ಮೈ ಗ್ರಾಂಡ್‌ಮದರ್ ಸೇಸ್ ಎಲಿಫೆಂಟ್ಸ್ ರಿಮೆಂಬರ್ ಎವ್ರಿಥಿಂಗ್’ ಅಂತ ಇತ್ತು. “ಅಜ್ಜಿ ಅವತ್ತು ಹೇಳಿದ್ರಾ, ಇಲ್ಲ ಯಾವಾಗಲೂ ಹೇಳ್ತಿರ್ತಾರಾ?” ಅಂತ ಕೇಳಿದೆ. “ಅವತ್ತು ಏನೂ ಹೇಳಿಲ್ಲ ಸರ್, ನಿದ್ದೆ ಮಾಡ್ತಿದ್ರು. ಈಗಲೂ ಆನೆ ವಿಷಯ ಬಂದರೆ ಹಾಗೇ ಹೇಳ್ತಾರೆ.” ಹಾಗಿದ್ದರೆ ‘ಸೇಸ್’ ಸರಿಯೇ, ಅದು ಜಾರಿದ್ದಲ್ಲ. ಆದರೆ ಆ ದೃಶ್ಯದ ನಡುವೆ ಅದನ್ನು ನೋಡಿದ ಯಾರಾದರೂ ಮತ್ತೆ ‘ಟೆನ್ಸ್!’ ಅಂತ ಬರೆಯುವುದು ಖಂಡಿತ. ವಾಕ್ಯವನ್ನು ತಿದ್ದಲಿಲ್ಲ. ಎತ್ತಿ ಕೊನೆಯ ಪ್ಯಾರಾಕ್ಕೆ, ‘ಈವನ್ ನೌ’ ವಾಕ್ಯದ ಪಕ್ಕಕ್ಕೆ ಹಾಕಿದಳು.